ನೇರ ಪ್ರಾತ್ಯಕ್ಷಿಕೆಗೆ ಗ್ರಾಹಕರನ್ನು ಕರೆಯುವ ಪತ್ರ: ಮೀಟ್, ಝೂಮ್, ಯೂಟ್ಯೂಬ್, ವಾಟ್ಸಾಪ್ ಇವುಗಳಲ್ಲಿ ಯಾವುದನ್ನು ಆರಿಸಬೇಕು?

ಸಣ್ಣ ಅಂಗಡಿಯವರು ಸರಕನ್ನು ಆನ್‌ಲೈನಿನಲ್ಲಿ ನೇರವಾಗಿ ತೋರಿಸಲು ಹೊರಟಾಗ ಸಾಮಾನ್ಯವಾಗಿ ಮೊದಲು ಆ್ಯಪ್ ಆರಿಸುತ್ತಾರೆ, ಆಮೇಲೆ ಪತ್ರ ಬರೆಯುತ್ತಾರೆ. ಈ ಕ್ರಮವನ್ನು ತಿರುಗಿಸಿದರೆ ಕೆಲಸ ಹಗುರವಾಗುತ್ತದೆ. ಪತ್ರದಲ್ಲಿ 'ಸೇರುವುದು ಹೇಗೆ' ಎಂಬ ಭಾಗವನ್ನು ಪ್ರತಿ ಆ್ಯಪ್‌ಗೂ ಒಮ್ಮೆ ಬರೆದು ನೋಡಿ. ಎಲ್ಲಿ ಎರಡು ಸಾಲಿನಲ್ಲಿ ಮುಗಿಯುತ್ತದೆ, ಎಲ್ಲಿ 'ಹಾಗಾಗದಿದ್ದರೆ ಹೀಗೆ ಮಾಡಿ' ಎಂದು ಬೆಳೆಯುತ್ತಲೇ ಹೋಗುತ್ತದೆ ಎಂಬುದು ತಾನಾಗಿ ಕಾಣುತ್ತದೆ. ಪತ್ರದಲ್ಲಿ ಉದ್ದವಾದ ಪ್ರತಿ ಸಾಲಿಗೂ ಆ ದಿನ ಒಂದಷ್ಟು ಫೋನ್ ಕರೆ ಬರುವುದು ಖಂಡಿತ.

ಇಲ್ಲಿ ಉದಾಹರಣೆಗೆ ಹೊಲಿಗೆ ಯಂತ್ರ ಮಾರುವ ಅಂಗಡಿಯೊಂದನ್ನು ಇಟ್ಟುಕೊಳ್ಳೋಣ. ತೋರಿಸಬೇಕಾದದ್ದು ಒಂದೇ ವಿಷಯ: ಬಟ್ಟೆಯ ಕೆಳಬದಿಯಲ್ಲಿ ದಾರ ಗೂಡು ಕಟ್ಟಿಕೊಳ್ಳುವುದು ಯಾಕೆ, ಅದನ್ನು ಸರಿಪಡಿಸುವುದು ಹೇಗೆ. ಬರುವವರು ಸುಮಾರು 25 ಜನ. ಅವರಲ್ಲಿ ಹಲವರ ಮನೆಯಲ್ಲಿ ಯಂತ್ರ ಆಗಲೇ ಇದೆ, ತಮ್ಮ ಹೊಲಿಗೆಯನ್ನೇ ಕ್ಯಾಮೆರಾಗೆ ಹಿಡಿದು 'ನನ್ನದು ನೋಡಿ, ಹೀಗಾಗ್ತಿದೆ' ಎಂದು ಕೇಳುವವರು ಅವರು. ಆಯ್ಕೆ ನಿಂತಿರುವುದು ಈ ಕೊನೆಯ ಮಾತಿನ ಮೇಲೆಯೇ.

ಗ್ರಾಹಕರು ನಿಮಗೆ ಏನಾದರೂ ತೋರಿಸಬೇಕೇ?

ಬೇಡ, ಅವರು ನೋಡಿದರೆ ಸಾಕು ಎನ್ನುವುದಾದರೆ ಯೂಟ್ಯೂಬ್ ಲೈವ್‌ನಷ್ಟು ಸುಲಭದ್ದು ಬೇರೆ ಇಲ್ಲ. ಲಿಂಕ್ ಒತ್ತಿದರೆ ವಿಡಿಯೋ ತೆರೆಯುತ್ತದೆ. ನೋಡಲು ಖಾತೆಯೂ ಬೇಡ, ಆ್ಯಪ್ ಹಾಕಿಕೊಳ್ಳುವುದೂ ಬೇಡ. ನೂರು ಜನ ಬಂದರೂ ಸಾವಿರ ಜನ ಬಂದರೂ ಜಾಗ ಸಾಲದು ಎಂಬ ಚಿಂತೆ ಇಲ್ಲ. ಇಂಟರ್ನೆಟ್ ನಿಧಾನ ಇದ್ದವರು ವಿಡಿಯೋದ ಗುಣಮಟ್ಟ ತಗ್ಗಿಸಿಕೊಂಡು ನೋಡಬಹುದು. ಲೈವ್ ಮುಗಿದ ಮೇಲೆ ರೆಕಾರ್ಡಿಂಗ್ ಅದೇ ಲಿಂಕ್‌ನಲ್ಲಿ ಉಳಿಯುವುದರಿಂದ ಬರಲಾಗದವರಿಗೆ ಇನ್ನೊಂದು ಪತ್ರ ಬರೆಯಬೇಕಾಗಿಲ್ಲ. 'Unlisted' ಎಂದು ಇಟ್ಟರೆ ಹುಡುಕಾಟದಲ್ಲಿ ಸಿಗುವುದಿಲ್ಲ, ಲಿಂಕ್ ಇದ್ದವರಿಗೆ ಮಾತ್ರ ಕಾಣುತ್ತದೆ. ಆ ಲಿಂಕ್ ಯಾರ ಕೈ ಸೇರಿದರೂ ಅವರೂ ನೋಡಬಹುದು ಎಂಬುದು ಮಾತ್ರ ನೆನಪಿರಲಿ.

ಯೂಟ್ಯೂಬಿನ ತೊಡಕು ಇರುವುದು ಹಿಂದಿರುಗಿ ಬರುವ ಮಾತಿನಲ್ಲಿ. ನೀವು ಹೇಳಿದ್ದು ನೋಡುವವರಿಗೆ ತಲುಪಲು ಕೆಲವು ಸೆಕೆಂಡು ಹಿಡಿಯುತ್ತದೆ. ಲೈವ್‌ನ ಸೆಟ್ಟಿಂಗ್‌ನಲ್ಲಿ ವಿಳಂಬವನ್ನು ಕಡಿಮೆ ಮಾಡಿಕೊಂಡರೂ ಅದು ಪೂರ್ತಿ ಹೋಗುವುದಿಲ್ಲ. ಸೂಜಿಗೆ ದಾರ ಪೋಣಿಸುವುದನ್ನು ನೀವು ತೋರಿಸಿ ಮುಂದೆ ಹೋಗಿರುತ್ತೀರಿ, 'ಆ ಕೊಕ್ಕೆಯ ಎಡಕ್ಕೋ ಬಲಕ್ಕೋ' ಎಂಬ ಪ್ರಶ್ನೆ ಆಮೇಲೆ ಬರುತ್ತದೆ. ಅದೂ ಬರೀ ಅಕ್ಷರದಲ್ಲಿ, ಅದೂ ಗೂಗಲ್ ಖಾತೆಯಿಂದ ಸೈನ್ ಇನ್ ಆದವರು ಕಳಿಸಿದರೆ ಮಾತ್ರ. ತಮ್ಮ ಬಟ್ಟೆಯನ್ನು ತೋರಿಸುವ ದಾರಿಯಂತೂ ಇಲ್ಲವೇ ಇಲ್ಲ.

ಯೂಟ್ಯೂಬನ್ನೇ ಆರಿಸುವುದಾದರೆ ಪತ್ರ ಹೋಗುವ ಮೊದಲು ಎರಡು ವಿಷಯ ನೋಡಿಕೊಳ್ಳಬೇಕು. ಚಾನೆಲ್‌ಗೆ ಲೈವ್ ಸೌಲಭ್ಯ ಮೊದಲ ಸಲ ಚಾಲೂ ಆಗಲು 24 ಗಂಟೆಯವರೆಗೆ ಹಿಡಿಯಬಹುದು. ಬೆಳಿಗ್ಗೆ ಚಾಲೂ ಮಾಡಿ ಸಂಜೆ ಲೈವ್ ಹೋಗುತ್ತೇವೆ ಎಂದರೆ ಆಗದೆಯೂ ಹೋದೀತು. ಎರಡನೆಯದು, ಫೋನಿನ ಆ್ಯಪ್‌ನಿಂದ ಲೈವ್ ಹೋಗಲು ಚಾನೆಲ್‌ಗೆ ಕನಿಷ್ಠ 50 ಸಬ್‌ಸ್ಕ್ರೈಬರ್‌ಗಳು ಇರಬೇಕು. ಕಂಪ್ಯೂಟರಿನ ವೆಬ್‌ಕ್ಯಾಮ್‌ನಿಂದ ಹೋಗುವವರಿಗೆ ಈ ಷರತ್ತಿಲ್ಲ. ಹೊಸ ಚಾನೆಲ್ ಇರುವ ಅಂಗಡಿಯವರು ಕಂಪ್ಯೂಟರನ್ನೇ ನೆಚ್ಚಿಕೊಳ್ಳುವುದು ಒಳ್ಳೆಯದು.

ವಾಟ್ಸಾಪ್ ಕರೆ: ಎಲ್ಲರ ಬಳಿ ಇದೆ, ಆದರೆ

ವಾಟ್ಸಾಪ್ ಎಲ್ಲರ ಫೋನಿನಲ್ಲೂ ಇದೆ, ಅದರಲ್ಲೇ ಮಾಡಿಬಿಡೋಣ ಎಂಬ ಯೋಚನೆ ಸಹಜ. ಕರೆಯ ಲಿಂಕ್ ಮಾಡಿ ಪತ್ರದಲ್ಲಿ ಹಾಕಬಹುದು, ಒತ್ತಿದವರು ಸೇರುತ್ತಾರೆ, ಹೊತ್ತಿನ ಮಿತಿಯ ಗಡಿಬಿಡಿ ಇಲ್ಲ. ಆದರೆ ಒಂದು ಕರೆಯಲ್ಲಿ ನಿಮ್ಮನ್ನೂ ಸೇರಿಸಿ 32 ಜನರಿಗಷ್ಟೇ ಜಾಗ. ಇನ್ನೂ ಗಂಭೀರವಾದದ್ದು ಫೋನ್ ನಂಬರ್ ವಿಷಯ: ಪರಿಚಯವಿಲ್ಲದ ಗ್ರಾಹಕರ ನಂಬರ್‌ಗಳು ಒಬ್ಬರಿಗೊಬ್ಬರಿಗೆ ಕಾಣುತ್ತವೆ. ಅಂಗಡಿಯನ್ನು ನಂಬಿ ಕೊಟ್ಟ ನಂಬರ್ ಅದು. ಅದನ್ನು 25 ಅಪರಿಚಿತರ ಮುಂದೆ ಇಡಲು ಅಂಗಡಿಯವರಿಗೆ ಹಕ್ಕಿಲ್ಲ ಎಂಬುದು ನಮ್ಮ ಖಚಿತ ಅಭಿಪ್ರಾಯ. ಒಬ್ಬರಿಗೊಬ್ಬರು ಮೊದಲೇ ಪರಿಚಯ ಇರುವ ಐದಾರು ಮಂದಿ ಕಾಯಂ ಗಿರಾಕಿಗಳಿಗೆ ಹೊಸ ಮಾದರಿ ತೋರಿಸುವುದಾದರೆ ವಾಟ್ಸಾಪ್ ಚೆನ್ನ. ಅದಕ್ಕಿಂತ ದೊಡ್ಡ ಗುಂಪಿಗೆ ಕರೆಗೆ ಬೇಡ, ಪತ್ರ ಕಳಿಸಲು ಮಾತ್ರ ಬಳಸಿ.

ಮೀಟ್ ಅಥವಾ ಝೂಮ್

ಗ್ರಾಹಕರು ಮಾತಾಡಬೇಕು, ತೋರಿಸಬೇಕು, ನೂರರೊಳಗೆ ಜನ ಎಂದಾಗ ಉಳಿಯುವುದು ಇವೆರಡು. ಉಚಿತ ಖಾತೆಯಲ್ಲಿ ಎರಡರಲ್ಲೂ 100 ಜನರವರೆಗೆ ಸೇರಬಹುದು. ವ್ಯತ್ಯಾಸ ಇರುವುದು ಹೊತ್ತಿನಲ್ಲಿ: ಝೂಮ್ 40 ನಿಮಿಷಕ್ಕೆ ಕಡಿದುಹೋಗುತ್ತದೆ, ಮೂರು ಅಥವಾ ಹೆಚ್ಚು ಜನರಿರುವ ಮೀಟ್ 60 ನಿಮಿಷಕ್ಕೆ.

ಈ 20 ನಿಮಿಷದ ಬೆಲೆ ಗೊತ್ತಾಗುವುದು ಲೆಕ್ಕ ಹಾಕಿದಾಗ. ಪ್ರಾತ್ಯಕ್ಷಿಕೆ ಸಂಜೆ 5ಕ್ಕೆ ಎಂದು ಪತ್ರದಲ್ಲಿದೆ. ಜನ 5ಕ್ಕೆ ಸರಿಯಾಗಿ ಸೇರಬೇಕಾದರೆ ಕೊಠಡಿಯನ್ನು 4.50ಕ್ಕೇ ತೆರೆಯಬೇಕು, ಯಾಕೆಂದರೆ ಕೆಲವರಿಗೆ ಆಡಿಯೋ ಸರಿಯಾಗಲು, ಕ್ಯಾಮೆರಾಗೆ ಅನುಮತಿ ಕೊಡಲು ಐದು ನಿಮಿಷ ಬೇಕೇ ಬೇಕು. ಹೊತ್ತನ್ನು ನೀವು ಮಾತು ಶುರು ಮಾಡಿದ ಗಳಿಗೆಯಿಂದ ಅಲ್ಲ, ಕೊಠಡಿ ತೆರೆದ ಗಳಿಗೆಯಿಂದಲೇ ಎಣಿಸಿಕೊಳ್ಳಿ. ಝೂಮ್‌ನಲ್ಲಾದರೆ 5.30ಕ್ಕೆ ತೆರೆ ಬೀಳುತ್ತದೆ. 25 ನಿಮಿಷ ತೋರಿಸಿದ ಮೇಲೆ ಪ್ರಶ್ನೆಗೆ ಉಳಿಯುವುದು 5 ನಿಮಿಷ. ಮೀಟ್‌ನಲ್ಲಾದರೆ 5.50ರವರೆಗೆ ಇರಬಹುದು, ಪ್ರಶ್ನೆಗೆ 25 ನಿಮಿಷ ಸಿಗುತ್ತದೆ. ಗ್ರಾಹಕರ ಬಟ್ಟೆ ನೋಡಿ ಉತ್ತರ ಹೇಳುವುದೇ ಮುಖ್ಯ ಎಂದಿರುವ ನಮ್ಮ ಹೊಲಿಗೆ ಯಂತ್ರದ ಅಂಗಡಿಗೆ ಇದೊಂದೇ ಕಾರಣಕ್ಕೆ ಮೀಟ್ ಮೇಲು.

ಝೂಮ್ ಗೆಲ್ಲುವ ಜಾಗವೂ ಒಂದಿದೆ. ಸೂಜಿಯ ಹತ್ತಿರ ಎರಡನೇ ಕ್ಯಾಮೆರಾ ಇಟ್ಟಾಗ, ಆ ಚಿತ್ರವನ್ನೇ ಎಲ್ಲರ ಪರದೆಯಲ್ಲೂ ದೊಡ್ಡದಾಗಿ ನಿಲ್ಲಿಸುವ ಸೌಲಭ್ಯ ಝೂಮ್ ನಡೆಸುವವರಿಗೆ ಇದೆ, ಅದರ ಹೆಸರು 'Spotlight'. ಉಚಿತ ಮೀಟ್‌ನಲ್ಲಿ ಇದನ್ನು ನೆಚ್ಚಿಕೊಳ್ಳಬೇಡಿ. ಸೂಜಿಯ ಚಿತ್ರದ ಚೌಕವನ್ನು ಪಿನ್ ಮಾಡಿಕೊಳ್ಳಿ ಎಂದು ಗ್ರಾಹಕರಿಗೇ ಹೇಳುವುದು ಭದ್ರವಾದ ದಾರಿ. ಹಾಗಾಗಿ ಪತ್ರದಲ್ಲಿ ಒಂದು ಸಾಲು ಹೆಚ್ಚಾಗುತ್ತದೆ. ತೋರಿಸುವುದು 20 ನಿಮಿಷದಲ್ಲಿ ಮುಗಿಯುವ ಸೂಕ್ಷ್ಮ ಕೈಕೆಲಸವಾಗಿದ್ದು ಪ್ರಶ್ನೆಗಳು ಕಡಿಮೆ ಇದ್ದರೆ ಝೂಮ್ ಆರಿಸಿ.

ಕಾಗದದ ಪತ್ರ ಹಂಚುವವರು ಇನ್ನೊಂದನ್ನು ಗಮನಿಸಬೇಕು. ಕಾಗದದ ಮೇಲಿನ ಲಿಂಕನ್ನು ಒತ್ತಲಾಗುವುದಿಲ್ಲ, ಟೈಪ್ ಮಾಡಬೇಕು. ಮೀಟ್‌ನ ಕೋಡ್ ಹತ್ತು ಸಣ್ಣಕ್ಷರಗಳದ್ದು, ಈ ಥರ:

```
https://meet.google.com/abc-defg-hij
```

ಇದರಲ್ಲಿ ಅಂಕಿ ಬರುವುದಿಲ್ಲ, ಆದ್ದರಿಂದ ಸೊನ್ನೆಯೋ ಓ ಅಕ್ಷರವೋ ಎಂಬ ಗೊಂದಲ ಇಲ್ಲ. ಝೂಮ್‌ನಲ್ಲಿ ಲಿಂಕ್ ಒತ್ತಿದವರಿಗೆ ಪಾಸ್‌ಕೋಡ್ ಲಿಂಕಿನೊಳಗೇ ಬಂದಿರುತ್ತದೆ. ಕೈಯಲ್ಲಿ ಟೈಪ್ ಮಾಡುವವರು ಮಾತ್ರ ಉದ್ದನೆಯ ಮೀಟಿಂಗ್ ಸಂಖ್ಯೆಯನ್ನೂ ಪಾಸ್‌ಕೋಡನ್ನೂ ಬೇರೆಬೇರೆಯಾಗಿ ಹಾಕಬೇಕು. ಪಾಸ್‌ಕೋಡ್‌ನಲ್ಲಿ ಅಕ್ಷರ, ಅಂಕಿ ಬೆರೆತಿದ್ದರೆ ಅದನ್ನು ಬರೀ ಅಂಕಿಗಳಿಗೆ ಬದಲಾಯಿಸಿಕೊಂಡೇ ಮುದ್ರಿಸಿ. ಯಾವುದೇ ಆಗಲಿ, ಜೊತೆಗೆ ಕ್ಯೂಆರ್ ಕೋಡ್ ಹಾಕಿ, ಮುದ್ರಿಸಿದ ಹಾಳೆಯಿಂದಲೇ ಒಮ್ಮೆ ಸ್ಕ್ಯಾನ್ ಮಾಡಿ ನೋಡಿ. ಪರದೆಯ ಮೇಲೆ ಸ್ಕ್ಯಾನ್ ಆದದ್ದು ಸಣ್ಣದಾಗಿ ಮುದ್ರಣವಾದಾಗ ಆಗದೇ ಇರಬಹುದು.

ಪತ್ರ

ಮೀಟ್ ಆರಿಸಿದ ಅಂಗಡಿಯ ಪತ್ರ ಹೀಗಿರಬಹುದು:

> ನಮಸ್ಕಾರ,
>
> ಹೊಲಿಯುವಾಗ ಬಟ್ಟೆಯ ಕೆಳಗಡೆ ದಾರ ಗೂಡು ಕಟ್ಟಿಕೊಳ್ಳುತ್ತಿದೆಯೇ? ಅದಕ್ಕೆ ಕಾರಣವೇನು, ಮನೆಯಲ್ಲೇ ಸರಿಪಡಿಸುವುದು ಹೇಗೆ ಎಂಬುದನ್ನು ನಮ್ಮ ಅಂಗಡಿಯಿಂದ ನೇರವಾಗಿ ತೋರಿಸುತ್ತೇವೆ. ತಾವು ದಯವಿಟ್ಟು ಬರಬೇಕು.
>
> ಜೂನ್ 14, ಭಾನುವಾರ, ಸಂಜೆ 5.00ರಿಂದ 5.45ರವರೆಗೆ. 4.50ರಿಂದ ಸೇರಬಹುದು.
>
> ಸೇರಲು ಈ ಲಿಂಕ್ ಒತ್ತಿ:
>
> https://meet.google.com/abc-defg-hij
>
> ಕಂಪ್ಯೂಟರಿನಲ್ಲಿ ಯಾವ ಆ್ಯಪ್ ಕೂಡ ಬೇಡ. ಫೋನಿನಲ್ಲಿ ಸೇರುವವರು Google Meet ಆ್ಯಪನ್ನು ಹಿಂದಿನ ದಿನವೇ ಹಾಕಿಕೊಂಡು ತಮ್ಮ ಗೂಗಲ್ ಖಾತೆಯಿಂದ ಸೈನ್ ಇನ್ ಆಗಿರಿ. 'Ask to join' ಎಂದು ಬಂದರೆ ಅದನ್ನು ಒತ್ತಿ ಒಂದು ನಿಮಿಷ ಕಾಯಿರಿ, ನಾವು ಒಳಗೆ ಸೇರಿಸಿಕೊಳ್ಳುತ್ತೇವೆ. ಬಂದ ಕೂಡಲೇ ಮೈಕ್ ಆಫ್ ಮಾಡಿ. 'ಸೂಜಿ' ಎಂಬ ಹೆಸರಿನ ಚೌಕವನ್ನು ಪಿನ್ ಮಾಡಿಕೊಂಡರೆ ಹತ್ತಿರದಿಂದ ಕಾಣುತ್ತದೆ.
>
> ತಮ್ಮ ಯಂತ್ರದಲ್ಲಿ ತೊಂದರೆ ಇದ್ದರೆ ಒಂದು ತುಂಡು ತಿಳಿ ಬಣ್ಣದ ಬಟ್ಟೆಯ ಮೇಲೆ ಒಂದು ಗೇಣು ಉದ್ದ ಹೊಲಿದು ಇಟ್ಟುಕೊಳ್ಳಿ. ಮೇಲಿನ ದಾರ ಕೆಂಪು, ಬಾಬಿನ್‌ನ ದಾರ ನೀಲಿ ಇರಲಿ. ಕೊನೆಯಲ್ಲಿ ಒಬ್ಬೊಬ್ಬರದಾಗಿ ನೋಡಿ ಹೇಳುತ್ತೇವೆ.
>
> ಕೊಂಡುಕೊಳ್ಳಲೇಬೇಕು ಎಂದೇನಿಲ್ಲ. ಬರುವುದಾದರೆ 'ಬರುತ್ತೇನೆ' ಎಂದು ಈ ನಂಬರಿಗೆ ತಿಳಿಸಿ. ಸೇರಲು ಆಗದಿದ್ದರೂ ಇದೇ ನಂಬರಿಗೆ ಕರೆ ಮಾಡಿ: (ಅಂಗಡಿಯ ನಂಬರ್)

ಇದರಲ್ಲಿ ಎರಡು ಬಣ್ಣದ ದಾರದ ಸಾಲು ಅಲಂಕಾರಕ್ಕೆ ಬಂದದ್ದಲ್ಲ. ಒಂದೇ ಬಣ್ಣದ ದಾರವಿದ್ದರೆ ಕ್ಯಾಮೆರಾದಲ್ಲಿ ಮೇಲಿನದು ಯಾವುದು, ಕೆಳಗಿನದು ಯಾವುದು ಎಂದು ಹೇಳಲು ಬರುವುದಿಲ್ಲ. ಬೇರೆ ಬಣ್ಣವಿದ್ದಾಗ ಕೆಳಬದಿಯ ಗೂಡಿನಲ್ಲಿ ಕೆಂಪು ಕಂಡರೆ ಮೇಲಿನ ದಾರ ಸಡಿಲವಾಗಿದೆ ಎಂದು ಕೂಡಲೇ ತಿಳಿಯುತ್ತದೆ. ಬಹಳ ಸಲ ಅದಕ್ಕೆ ಕಾರಣ ಪ್ರೆಷರ್ ಫುಟ್ ಇಳಿಸಿಟ್ಟುಕೊಂಡೇ ದಾರ ಪೋಣಿಸಿರುವುದು. ಫುಟ್ ಕೆಳಗಿದ್ದಾಗ ಟೆನ್ಷನ್ ಬಿಲ್ಲೆಗಳು ಒತ್ತಿಕೊಂಡಿರುತ್ತವೆ, ದಾರ ಅವುಗಳ ನಡುವೆ ಕೂರದೆ ಮೇಲೆಯೇ ಹಾಯುತ್ತದೆ. ಫುಟ್ ಎತ್ತಿ, ದಾರ ಪೂರ್ತಿ ತೆಗೆದು, ಮತ್ತೆ ಪೋಣಿಸಿದರೆ ಆಯಿತು. ಇಂಥ ಒಂದು ಸಾಲು ನಿಮ್ಮ ಸರಕಿಗೆ ಯಾವುದು ಎಂದು ಯೋಚಿಸಿ ಪತ್ರದಲ್ಲಿ ಹಾಕಿ: ಗ್ರಾಹಕರು ಮೊದಲೇ ಏನು ಸಿದ್ಧ ಮಾಡಿಟ್ಟುಕೊಂಡರೆ ನೀವು ದೂರದಿಂದಲೇ ಉತ್ತರ ಹೇಳಬಲ್ಲಿರಿ?

ಮುಗಿಯುವ ಹೊತ್ತನ್ನು 5.45 ಎಂದು ಬರೆದದ್ದೂ ಉದ್ದೇಶಪೂರ್ವಕ. 5.50ಕ್ಕೆ ಕರೆ ತಾನೇ ನಿಲ್ಲುತ್ತದೆ, ಅದಕ್ಕೆ ಮೊದಲು ನಮಸ್ಕಾರ ಹೇಳಿ ಮುಗಿಸಲು ಐದು ನಿಮಿಷ ಕೈಯಲ್ಲಿರಲಿ. ದಿನಾಂಕದ ಜೊತೆ ವಾರವನ್ನೂ ಬರೆಯಿರಿ, '5 ಗಂಟೆ' ಎಂದಷ್ಟೇ ಬರೆಯದೆ 'ಸಂಜೆ' ಎಂದು ಸೇರಿಸಿ. ಬೇರೆ ದೇಶದಲ್ಲಿರುವ ಗ್ರಾಹಕರಿದ್ದರೆ ಯಾವ ಊರಿನ ಹೊತ್ತು ಎಂಬುದನ್ನೂ ಹೇಳಬೇಕು.

ಝೂಮ್ ಆದರೆ ಇದೇ ಪತ್ರದಲ್ಲಿ ಬದಲಾಗುವುದು ಸ್ವಲ್ಪವೇ: ಹೊತ್ತು 5.00ರಿಂದ 5.25, ಪಿನ್ ಮಾಡುವ ಸಾಲು ಬೇಡ, ಮೀಟಿಂಗ್ ಸಂಖ್ಯೆ ಮತ್ತು ಪಾಸ್‌ಕೋಡ್ ಬೇಕು. ಯೂಟ್ಯೂಬ್ ಆದರೆ ಸೇರುವ ಭಾಗ ಒಂದೇ ಸಾಲಿಗೆ ಇಳಿಯುತ್ತದೆ, ಬಟ್ಟೆ ತೋರಿಸುವ ಸಾಲು ಹೋಗಿ 'ಬಟ್ಟೆಯ ಫೋಟೋವನ್ನು ಹಿಂದಿನ ದಿನವೇ ಕಳಿಸಿ' ಎಂದಾಗುತ್ತದೆ. ನಿಜ ಹೇಳಬೇಕೆಂದರೆ, ಹಾಗೆ ಮೊದಲೇ ಬಂದ ಫೋಟೋಗಳನ್ನು ನೋಡಿಕೊಂಡು ಯೂಟ್ಯೂಬಿನಲ್ಲಿ ಉತ್ತರಿಸುವ ಕ್ರಮವೂ ಚೆನ್ನಾಗಿಯೇ ನಡೆಯುತ್ತದೆ. ಗ್ರಾಹಕರು ನಾಚಿಕೆಯಿಂದ ಕ್ಯಾಮೆರಾ ಹಾಕುವುದಿಲ್ಲ ಎಂದು ನಿಮಗೆ ಗೊತ್ತಿದ್ದರೆ ಅದನ್ನೇ ಆರಿಸಬಹುದು.

ಪತ್ರ ಕಳಿಸುವಾಗ ಆಗುವ ಎಡವಟ್ಟು

ಪತ್ರವನ್ನು ಚಂದದ ಚಿತ್ರವಾಗಿ ಮಾಡಿ ಕಳಿಸುವ ಅಭ್ಯಾಸ ಹಲವರಿಗಿದೆ. ಚಿತ್ರದೊಳಗಿನ ಲಿಂಕನ್ನು ಒತ್ತಿದರೆ ಏನೂ ತೆರೆಯುವುದಿಲ್ಲ. ಚಿತ್ರ ಬೇಕೇ ಬೇಕೆಂದರೆ ಅದರ ಕೆಳಗೆ ಲಿಂಕನ್ನು ಅಕ್ಷರದಲ್ಲೇ ಮತ್ತೊಮ್ಮೆ ಹಾಕಿ. ಲಿಂಕ್ ಒಂಟಿ ಸಾಲಿನಲ್ಲಿರಲಿ, ಅದರ ಕೊನೆಗೆ ಪೂರ್ಣವಿರಾಮ, ಕಂಸ ಯಾವುದೂ ಅಂಟಿಕೊಂಡಿರಬಾರದು. ಕೆಲವು ಆ್ಯಪ್‌ಗಳು ಆ ಚಿಹ್ನೆಯನ್ನೂ ಲಿಂಕಿನ ಭಾಗವೆಂದೇ ತಿಳಿದು ತಪ್ಪು ಪುಟಕ್ಕೆ ಒಯ್ಯುತ್ತವೆ.

ವಾಟ್ಸಾಪ್‌ನಲ್ಲಿ ಕಳಿಸಲು ಹೊಸ ಗುಂಪು ಕಟ್ಟಬೇಡಿ, ಅಲ್ಲೂ ನಂಬರ್‌ಗಳು ಬಯಲಾಗುತ್ತವೆ. ಬ್ರಾಡ್‌ಕಾಸ್ಟ್ ಪಟ್ಟಿ ಮಾಡಿದರೆ ಪ್ರತಿಯೊಬ್ಬರಿಗೂ ಪತ್ರ ಬೇರೆಯಾಗಿ ಹೋಗುತ್ತದೆ, ಒಂದು ಪಟ್ಟಿಯಲ್ಲಿ 256 ಜನರನ್ನು ಹಾಕಬಹುದು. ಆದರೆ ನಿಮ್ಮ ನಂಬರನ್ನು ತಮ್ಮ ಫೋನಿನಲ್ಲಿ ಸೇವ್ ಮಾಡಿಕೊಂಡವರಿಗೆ ಮಾತ್ರ ಅದು ತಲುಪುತ್ತದೆ. ಉಳಿದವರಿಗೆ ಹೋಗಲಿಲ್ಲ ಎಂದು ನಿಮಗೆ ಸೂಚನೆಯೂ ಬರುವುದಿಲ್ಲ. ಕಳಿಸಿದ ಸಂದೇಶವನ್ನು ಒತ್ತಿ ಹಿಡಿದು ಅದರ ವಿವರ ತೆರೆದರೆ ಯಾರಿಗೆ ತಲುಪಿದೆ ಎಂಬ ಪಟ್ಟಿ ಸಿಗುತ್ತದೆ. ಒಂದು ದಿನ ಕಳೆದರೂ ಆ ಪಟ್ಟಿಯಲ್ಲಿ ಹೆಸರು ಬಾರದವರಿಗೆ ಪತ್ರವನ್ನು ಒಬ್ಬೊಬ್ಬರಿಗಾಗಿ ಕಳಿಸಿ.

ಲಿಂಕ್ ಎಲ್ಲಿಂದ ನಕಲು ಮಾಡುತ್ತೀರಿ ಎಂಬುದೂ ಮುಖ್ಯ. ಯೂಟ್ಯೂಬ್‌ನಲ್ಲಿ ಲೈವ್ ಸಿದ್ಧಪಡಿಸುವ ಪುಟದ ವಿಳಾಸ `studio.youtube.com` ಎಂದು ಶುರುವಾಗುತ್ತದೆ. ಅದು ನಿಮ್ಮದು, ಗ್ರಾಹಕರಿಗೆ ತೆರೆಯುವುದಿಲ್ಲ. ಹಂಚುವ ಗುಂಡಿ ಒತ್ತಿದಾಗ ಸಿಗುವ ವಿಳಾಸವನ್ನೇ ಪತ್ರಕ್ಕೆ ಹಾಕಬೇಕು. ಪತ್ರ ಕಳಿಸುವ ಮೊದಲು ಲಿಂಕನ್ನು ಅಂಗಡಿಯ ಖಾತೆ ಇಲ್ಲದ ಇನ್ನೊಂದು ಫೋನಿನಲ್ಲಿ ಒತ್ತಿ ನೋಡಿ. ನಿಮ್ಮ ಫೋನಿನಲ್ಲಿ ತೆರೆದದ್ದು ಪರೀಕ್ಷೆ ಅಲ್ಲ, ಮಾಲೀಕರಿಗೆ ಎಲ್ಲ ಬಾಗಿಲೂ ತೆರೆದೇ ಇರುತ್ತದೆ.

ಆ ಸಂಜೆ

ತುಂಬಾ ನಡೆಯುವ ತಪ್ಪು ಇದು: ಮೀಟ್ ತೆರೆದವರು ಪತ್ರದಲ್ಲಿರುವ ಲಿಂಕ್ ಬಿಟ್ಟು ಹೊಸ ಮೀಟಿಂಗ್ ಗುಂಡಿ ಒತ್ತುತ್ತಾರೆ. ಅದಕ್ಕೆ ಬೇರೆಯೇ ಕೋಡ್ ಬರುತ್ತದೆ. ಅಂಗಡಿಯವರು ಒಂದು ಕೊಠಡಿಯಲ್ಲಿ ಒಂಟಿಯಾಗಿ ಕೂತಿರುತ್ತಾರೆ, ಗ್ರಾಹಕರು ಇನ್ನೊಂದು ಬಾಗಿಲಲ್ಲಿ ಕಾಯುತ್ತಿರುತ್ತಾರೆ. 5 ಗಂಟೆಯಾದರೂ ಯಾರೂ ಬರಲಿಲ್ಲ, ಫೋನ್ ಮಾತ್ರ ಬಿಡುವಿಲ್ಲದೆ ಹೊಡೆದುಕೊಳ್ಳುತ್ತಿದೆ ಎಂದರೆ ಮೊದಲು ಪರದೆಯ ಮೇಲಿನ ಕೋಡನ್ನು ಪತ್ರದ ಕೋಡ್ ಜೊತೆ ಹೋಲಿಸಿ. ಇದನ್ನು ತಪ್ಪಿಸುವ ಸುಲಭದ ದಾರಿ, ನೀವೂ ಗ್ರಾಹಕರ ಹಾಗೆ ಪತ್ರದ ಲಿಂಕನ್ನೇ ಒತ್ತಿ ಒಳಗೆ ಹೋಗುವುದು. ಅಂಗಡಿಯ ಖಾತೆಯಿಂದಲೇ ಸೈನ್ ಇನ್ ಆಗಿರಬೇಕು, ಇಲ್ಲದಿದ್ದರೆ ನೀವೂ ಹೊರಗೆ ನಿಲ್ಲುತ್ತೀರಿ.

ಇನ್ನೊಬ್ಬರ ನೆರವಿಲ್ಲದೆ ಮೀಟ್, ಝೂಮ್ ಎರಡಕ್ಕೂ ಕೈ ಹಾಕಬೇಡಿ. ಕೈಯಲ್ಲಿ ಸೂಜಿ ಹಿಡಿದವರು ಬಾಗಿಲು ತೆರೆಯುತ್ತ ಕೂರಲಾಗುವುದಿಲ್ಲ. ಒಬ್ಬರು ತೋರಿಸಲಿ, ಇನ್ನೊಬ್ಬರು ಕಂಪ್ಯೂಟರಿನ ಮುಂದೆ ಕೂತು ತಡವಾಗಿ ಬಂದವರನ್ನು ಒಳಗೆ ಬಿಡಲಿ, ತೆರೆದಿಟ್ಟ ಮೈಕ್‌ಗಳನ್ನು ಮುಚ್ಚಲಿ, ಪತ್ರದಲ್ಲಿ ಕೊಟ್ಟ ನಂಬರಿನ ಕರೆಗೆ ಉತ್ತರಿಸಲಿ. ಆ ನಂಬರ್ ಪ್ರಾತ್ಯಕ್ಷಿಕೆಗೆ ಬಳಸುವ ಫೋನಿನದ್ದಾಗಿರಬಾರದು, ಕರೆ ಬಂದರೆ ವಿಡಿಯೋ ನಿಂತುಹೋದೀತು. ಅಂಥ ನೆರವಿಗೆ ಯಾರೂ ಇಲ್ಲದ ಅಂಗಡಿಗೆ, ಗ್ರಾಹಕರ ಬಟ್ಟೆ ನೋಡುವ ಆಸೆ ಬಿಟ್ಟು, ಯೂಟ್ಯೂಬೇ ಸರಿಯಾದ ಆಯ್ಕೆ.

ಸೂಜಿಯ ಮೇಲಿಡುವ ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ ವೈಫೈ ಮಾತ್ರ ಆನ್ ಮಾಡಿ. ಅದು ಅದೇ ಕರೆಗೆ 'ಸೂಜಿ' ಎಂಬ ಹೆಸರಿನಲ್ಲಿ ಎರಡನೆಯವರಾಗಿ ಸೇರುತ್ತದೆ. ಒಳಬಂದ ಕೂಡಲೇ ಅದರ ಮೈಕ್ ಆಫ್ ಮಾಡಿ, ಸ್ಪೀಕರಿನ ಸದ್ದನ್ನು ಸೊನ್ನೆಗೆ ಇಳಿಸಿ. ಇವೆರಡರಲ್ಲಿ ಒಂದು ಮರೆತರೂ ಒಂದೇ ಕೋಣೆಯ ಎರಡು ಸಾಧನಗಳು ಒಂದರ ಸದ್ದನ್ನು ಇನ್ನೊಂದು ಹಿಡಿದು ಕೀರಲು ಕೂಗು ಏಳುತ್ತದೆ. ಬರೀ ಮೈಕ್ ಮುಚ್ಚಿದರೆ ಸಾಲದು: ಆ ಫೋನಿನ ಸ್ಪೀಕರಿನಿಂದ ಬರುವ ಮಾತನ್ನು ಕಂಪ್ಯೂಟರಿನ ಮೈಕ್ ಹಿಡಿದು ಗ್ರಾಹಕರಿಗೆ ಪ್ರತಿಧ್ವನಿಯಾಗಿ ಕಳಿಸುತ್ತದೆ. ಯಂತ್ರ ಓಡುವಾಗ ಅದರ ಸದ್ದಿನಲ್ಲಿ ನಿಮ್ಮ ಮಾತು ಮುಳುಗುತ್ತದೆ. ಮೊದಲು ಹೇಳಿ, ಆಮೇಲೆ ನಾಲ್ಕಾರು ಹೊಲಿಗೆ ಓಡಿಸಿ, ನಿಲ್ಲಿಸಿ, ಬಟ್ಟೆ ತಿರುಗಿಸಿ ಕೆಳಬದಿಯನ್ನು ಕ್ಯಾಮೆರಾದ ಕೆಳಗೆ ಮೂರು ಎಣಿಸುವಷ್ಟು ಹೊತ್ತು ಅಲುಗಾಡಿಸದೆ ಹಿಡಿಯಿರಿ. ಚಿತ್ರ ಮಸುಕಾಗಿದ್ದರೆ ಫೋನಿನ ಪರದೆಯ ಮೇಲೆ ಬಟ್ಟೆಯ ಜಾಗವನ್ನು ಒಮ್ಮೆ ಮುಟ್ಟಿ ನೋಡಿ. ಅದರಿಂದಲೂ ಸರಿಯಾಗದಿದ್ದರೆ ಫೋನ್ ತೀರಾ ಹತ್ತಿರವಾಯಿತು ಎಂದು ಅರ್ಥ, ಸ್ಟ್ಯಾಂಡನ್ನು ನಾಲ್ಕು ಬೆರಳಿನಷ್ಟು ಮೇಲಕ್ಕೆ ಏರಿಸಿ.

ನೆನಪಿನ ಸಂದೇಶ ಎರಡು ಸಲ ಸಾಕು. ಹಿಂದಿನ ದಿನ ಸಂಜೆ ಪತ್ರವನ್ನು ಪೂರ್ತಿಯಾಗಿ ಮತ್ತೊಮ್ಮೆ ಕಳಿಸಿ, ಯಾಕೆಂದರೆ ಆ್ಯಪ್ ಹಾಕಿಕೊಳ್ಳುವವರಿಗೆ ಆಗ ಬಿಡುವಿರುತ್ತದೆ. ಪ್ರಾತ್ಯಕ್ಷಿಕೆಯ ದಿನ 4.50ಕ್ಕೆ, ಕೊಠಡಿ ತೆರೆದ ಮೇಲೆ, 'ಬಾಗಿಲು ತೆರೆದಿದೆ, ಬನ್ನಿ' ಎಂಬ ಒಂದು ಸಾಲು, ಕೆಳಗೆ ಲಿಂಕ್, ಅಷ್ಟೇ. ಹಳೆಯ ಸಂದೇಶಗಳ ನಡುವೆ ಲಿಂಕ್ ಹುಡುಕುವ ಕಷ್ಟ ಅವರಿಗೆ ತಪ್ಪುತ್ತದೆ.